ಹೆಸರಿಲ್ಲದ ಆ ದೊಡ್ಡ ಗ್ರಾಹಕ

2023ರ ಜನವರಿಯಲ್ಲಿ ಇಂಡಸ್ ಟವರ್ಸ್ ಕಂಪನಿ ತನ್ನ ಮೂರು ತಿಂಗಳ ಲೆಕ್ಕಪತ್ರ ಪ್ರಕಟಿಸಿತು. ದೇಶದುದ್ದಕ್ಕೂ ಸುಮಾರು 1.9 ಲಕ್ಷ ಮೊಬೈಲ್ ಟವರ್‌ಗಳನ್ನು ನಿಲ್ಲಿಸಿ, ಅವುಗಳ ಬಾಡಿಗೆಯಿಂದ ಬದುಕುವ ಕಂಪನಿ ಇದು. ಬಾಡಿಗೆ ವ್ಯವಹಾರವೆಂದರೆ ನೆಮ್ಮದಿಯ ವ್ಯವಹಾರ ಎಂಬ ನಂಬಿಕೆ ಷೇರುದಾರರಲ್ಲಿತ್ತು. ಹಿಂದಿನ ವರ್ಷ ಇದೇ ಅವಧಿಯಲ್ಲಿ ₹1,500 ಕೋಟಿಗೂ ಹೆಚ್ಚು ಲಾಭ ತೋರಿಸಿದ್ದ ಕಂಪನಿ ಈ ಸಲ ಸುಮಾರು ₹708 ಕೋಟಿ ನಷ್ಟ ತೋರಿಸಿತು. ಟವರ್ ಯಾವುದೂ ಬಿದ್ದಿರಲಿಲ್ಲ, ಬಾಡಿಗೆದಾರರು ಸಾಮಾನು ಕಟ್ಟಿಕೊಂಡು ಹೋಗಿರಲಿಲ್ಲ. ಬಾಡಿಗೆ ಬಂದಿರಲಿಲ್ಲ, ಅಷ್ಟೇ.

ಲೆಕ್ಕಪತ್ರದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಅದರ ಕಾರಣವಿತ್ತು. ಕಂಪನಿಯ ಆದಾಯದಲ್ಲೂ ಬರಬೇಕಾದ ಬಾಕಿಯಲ್ಲೂ ಗಣನೀಯ ಪಾಲಿರುವ ‘ಒಬ್ಬ ದೊಡ್ಡ ಗ್ರಾಹಕ’ನಿಂದ ಹಣ ಬರುವುದು ತಡವಾಗುತ್ತಿದೆ ಎಂಬ ಅರ್ಥದ ಮಾತು ಅಲ್ಲಿತ್ತು. ಟಿಪ್ಪಣಿಯ ಉದ್ದಕ್ಕೂ ಆತ ಬರೀ ‘ಗ್ರಾಹಕ’. ಆದರೆ ದೇಶದಲ್ಲಿ ಆಗ ಇದ್ದದ್ದೇ ಮೂರು ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳು. ಅವುಗಳಲ್ಲಿ ಕೈಕಟ್ಟಿ ಕುಳಿತಿದ್ದದ್ದು ವೊಡಾಫೋನ್ ಐಡಿಯಾ ಒಂದೇ. ಹೀಗೆ ಊರಿಗೆಲ್ಲ ಗೊತ್ತಿರುವ ಹೆಸರನ್ನು ಕಂಪನಿಯ ದಾಖಲೆ ಮಾತ್ರ ಹೇಳದೆ ಉಳಿಯಿತು.

ಅದು ಕಳ್ಳಾಟವಲ್ಲ, ನಿಯಮವೇ ಹಾಗಿದೆ. ಒಂದು ಕಂಪನಿ ಯಾರ ಮೇಲೆ ನಿಂತಿದೆ, ಆ ಕಂಬ ಜಾರಿದರೆ ಏನಾಗುತ್ತದೆ ಎಂದು ತಿಳಿಯಬೇಕಾದವರು ಈ ನಿಯಮ ಏನನ್ನು ಹೇಳಿಸುತ್ತದೆ, ಏನನ್ನು ಹೇಳಿಸುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ಭಾರತದ ಲೆಕ್ಕಪತ್ರ ಮಾನದಂಡಗಳಲ್ಲಿ ‘ಇಂಡ್ ಎಎಸ್ 108’ ಎಂಬುದೊಂದಿದೆ. ಕಂಪನಿ ತನ್ನ ವ್ಯವಹಾರವನ್ನು ವಿಭಾಗವಾರು ಬಿಡಿಸಿ ತೋರಿಸಬೇಕು ಎನ್ನುವ ಮಾನದಂಡ ಅದು. ಅದರ 34ನೇ ಪ್ಯಾರಾ ಹೇಳುವುದು ಇಷ್ಟು: ಯಾವುದೇ ಒಬ್ಬ ಹೊರಗಿನ ಗ್ರಾಹಕನಿಂದ ಕಂಪನಿಯ ಆದಾಯದ ಶೇ 10 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಆ ಸಂಗತಿಯನ್ನು ತಿಳಿಸಬೇಕು. ಅಂಥ ಪ್ರತಿಯೊಬ್ಬ ಗ್ರಾಹಕನಿಂದ ಬಂದ ಮೊತ್ತವೆಷ್ಟು, ಅದು ಯಾವ ವಿಭಾಗಕ್ಕೆ ಸೇರಿದ್ದು ಎಂಬುದನ್ನೂ ಹೇಳಬೇಕು. ಗ್ರಾಹಕ ಯಾರೆಂದು ಹೇಳಬೇಕಾಗಿಲ್ಲ. ಒಂದೇ ಒಡೆತನದ ಹಲವು ಕಂಪನಿಗಳು ಕೊಳ್ಳುತ್ತಿದ್ದರೆ ಅವೆಲ್ಲ ಸೇರಿ ಒಬ್ಬನೇ ಗ್ರಾಹಕ ಎಂದು ಎಣಿಸಬೇಕು. ಸರ್ಕಾರ ಮತ್ತು ಅದರ ಅಧೀನ ಸಂಸ್ಥೆಗಳನ್ನು ಒಬ್ಬರೆಂದು ಎಣಿಸುವುದೋ ಬೇರೆ ಬೇರೆ ಎನ್ನುವುದೋ ಎಂಬುದನ್ನು ಕಂಪನಿಯ ವಿವೇಚನೆಗೆ ಬಿಡಲಾಗಿದೆ.

ಇನ್ನೂರು ಮುನ್ನೂರು ಪುಟದ ವಾರ್ಷಿಕ ವರದಿಯಲ್ಲಿ ಇದಕ್ಕೆ ಸಿಗುವುದು ಎರಡು ಮೂರು ಸಾಲು. ಸಾಮಾನ್ಯವಾಗಿ ಲೆಕ್ಕಪತ್ರದ ಟಿಪ್ಪಣಿಗಳ ಕೊನೆಯ ಭಾಗದಲ್ಲಿ, ವಿಭಾಗವಾರು ಮಾಹಿತಿಯ ಅಡಿಯಲ್ಲಿ ಇರುತ್ತದೆ. ಅಧ್ಯಕ್ಷರ ಸಂದೇಶ, ಬಣ್ಣಬಣ್ಣದ ಚಿತ್ರಗಳು, ಪ್ರಶಸ್ತಿಗಳ ಪಟ್ಟಿ ಎಲ್ಲ ಮುಗಿದ ಮೇಲೆ, ಓದುಗ ಸುಸ್ತಾಗಿರುವ ಜಾಗದಲ್ಲಿ.

ಆ ಎರಡು ಸಾಲಿಗೆ ಎಷ್ಟು ತೂಕವಿದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ ಎಂದು ಇಟ್ಟುಕೊಳ್ಳೋಣ. ವರ್ಷದ ಮಾರಾಟ ₹500 ಕೋಟಿ. ಉಕ್ಕು, ವಿದ್ಯುತ್ತು, ಸಾಗಣೆ ಹೀಗೆ ಮಾರಾಟದ ಜೊತೆ ಏರಿಳಿಯುವ ಖರ್ಚು ₹300 ಕೋಟಿ. ಸಂಬಳ, ಬಾಡಿಗೆ, ಬಡ್ಡಿ ಹೀಗೆ ಮಾರಾಟ ಆದರೂ ಆಗದಿದ್ದರೂ ತಪ್ಪದ ಖರ್ಚು ₹150 ಕೋಟಿ. ಉಳಿಯುವ ಲಾಭ ₹50 ಕೋಟಿ. ಈಗ ಮಾರಾಟದ ಶೇ 30ರಷ್ಟು, ಅಂದರೆ ₹150 ಕೋಟಿಯ ಮಾಲು ಕೊಳ್ಳುತ್ತಿದ್ದ ಒಬ್ಬ ಗ್ರಾಹಕ ಬೇರೆ ಕಡೆ ಹೋದ. ಮಾರಾಟ ₹350 ಕೋಟಿಗೆ ಇಳಿಯಿತು, ಏರಿಳಿಯುವ ಖರ್ಚು ₹210 ಕೋಟಿಗೆ ಇಳಿಯಿತು. ಆದರೆ ಆ ₹150 ಕೋಟಿ ಖರ್ಚು ಕದಲಲಿಲ್ಲ. ಲಾಭದ ಜಾಗದಲ್ಲಿ ಈಗ ₹10 ಕೋಟಿ ನಷ್ಟ. ಹೋದದ್ದು ಶೇ 30ರ ಮಾರಾಟ, ಆದರೆ ಅಳಿಸಿಹೋದದ್ದು ಪೂರ್ತಿ ಲಾಭ.

ಇಂಥದ್ದು ಕಾಗದದ ಲೆಕ್ಕವಷ್ಟೇ ಅಲ್ಲ. ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಕಂಪನಿ ಐಫೋನಿನ ಗ್ರಾಫಿಕ್ಸ್ ಚಿಪ್‌ಗೆ ಬೇಕಾದ ವಿನ್ಯಾಸ ಕೊಟ್ಟು ರಾಯಧನ ಪಡೆಯುತ್ತಿತ್ತು. ಆದಾಯದ ಸುಮಾರು ಅರ್ಧ ಆ್ಯಪಲ್ ಒಂದರಿಂದಲೇ ಬರುತ್ತಿತ್ತು, ಇದೇನೂ ಗುಟ್ಟಾಗಿರಲಿಲ್ಲ. ಆ್ಯಪಲ್ ತಾನೇ ವಿನ್ಯಾಸ ಮಾಡಿಕೊಳ್ಳುವುದಾಗಿಯೂ ಎರಡು ವರ್ಷದೊಳಗೆ ಇಮ್ಯಾಜಿನೇಷನ್‌ನ ವಿನ್ಯಾಸ ಬಿಡುವುದಾಗಿಯೂ ಹೇಳಿದ ಸುದ್ದಿ 2017ರ ಏಪ್ರಿಲ್ 3ರಂದು ಹೊರಬಿತ್ತು. ಅದೇ ದಿನ ಷೇರಿನ ಬೆಲೆ ಶೇ 60ಕ್ಕಿಂತ ಹೆಚ್ಚು ಕುಸಿಯಿತು. ಕಂಪನಿ ಅದೇ ವರ್ಷ ಬೇರೆಯವರ ಪಾಲಾಯಿತು. ಷೇರುದಾರರು ಆ ಅರ್ಧದ ಅಂಕಿಯನ್ನು ನೋಡಿರಲಿಲ್ಲ ಎನ್ನುವಂತಿಲ್ಲ. ಒಳ್ಳೆಯ ಕಾಲದಲ್ಲಿ ಅದನ್ನೇ ಹೆಗ್ಗಳಿಕೆ ಎಂದು ಓದಿಕೊಂಡಿದ್ದರು.

ಕಂಬ ಜಾರುವ ಮೊದಲೇ ತಾವೇ ಕೈಬಿಟ್ಟವರ ಕಥೆಯೊಂದು ಬೆಂಗಳೂರಿನಲ್ಲೇ ನಡೆದಿದೆ. 1995ರಲ್ಲಿ ಇನ್ಫೊಸಿಸ್ ಷೇರುಪೇಟೆಗೆ ಬಂದು ಎರಡು ವರ್ಷವಾಗಿತ್ತಷ್ಟೇ. ಆಗ ಅದರ ಆದಾಯದ ಶೇ 25ರಷ್ಟು ಅಮೆರಿಕದ ಒಂದೇ ದೈತ್ಯ ಕಂಪನಿಯಿಂದ ಬರುತ್ತಿತ್ತು. ಆ ಕಂಪನಿ ತನಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ ಭಾರತದ ಎಲ್ಲರನ್ನೂ ತಾಜ್ ರೆಸಿಡೆನ್ಸಿ ಹೋಟೆಲಿಗೆ ಕರೆಸಿ, ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ದರ ಇಳಿಸುವಂತೆ ಒತ್ತಿತು. ಒಬ್ಬರು ಏನು ಹೇಳಿದರೆಂದು ಇನ್ನೊಬ್ಬರಿಗೆ ತಿಳಿಯದಂತೆ ಚೌಕಾಶಿ. ನಾರಾಯಣ ಮೂರ್ತಿ 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಷಣವೊಂದರಲ್ಲಿ ಇದನ್ನು ನೆನೆದಿದ್ದಾರೆ. ಅಲ್ಲಿ ಅವರು ಗ್ರಾಹಕನ ಹೆಸರು ಹೇಳಲಿಲ್ಲ, ಅದು ಜನರಲ್ ಎಲೆಕ್ಟ್ರಿಕ್ ಎಂಬುದು ಬೇರೆ ಕಡೆಗಳಲ್ಲಿ ಆಗಲೇ ಪ್ರಕಟವಾಗಿತ್ತು. ಒಪ್ಪಿದರೆ ಒಳ್ಳೆಯ ಗುಣಮಟ್ಟದ ಕೆಲಸ ಕೊಡುವುದು ಆಗದು, ಬಿಟ್ಟರೆ ಕಾಲುಭಾಗ ಆದಾಯ ಹೋಗುತ್ತದೆ. ಇನ್ಫೊಸಿಸ್ ಬಿಟ್ಟಿತು.

ಆ ಪೆಟ್ಟಿನ ನಂತರ ಯಾವ ಒಬ್ಬ ಗ್ರಾಹಕನ ಮೇಲೂ, ಒಂದು ದೇಶದ ಮೇಲೂ, ಒಂದು ತಂತ್ರಜ್ಞಾನದ ಮೇಲೂ ಅತಿಯಾಗಿ ನೆಚ್ಚಿಕೊಳ್ಳದಂತೆ ನೋಡಲು ಒಳಗೊಂದು ಸಮಿತಿಯನ್ನೇ ಮಾಡಿಕೊಂಡರಂತೆ. ಅದರ ಗುರುತು ಈಗಿನ ವರದಿಗಳಲ್ಲೂ ಕಾಣುತ್ತದೆ. ಇನ್ಫೊಸಿಸ್‌ನ ಲೆಕ್ಕಪತ್ರದ ವಿಭಾಗವಾರು ಟಿಪ್ಪಣಿಯಲ್ಲಿ ಯಾವ ಗ್ರಾಹಕನೂ ಒಬ್ಬನೇ ಆದಾಯದ ಶೇ 10ಕ್ಕಿಂತ ಹೆಚ್ಚು ಕೊಟ್ಟಿಲ್ಲ ಎಂಬ ಒಂದು ಸಾಲು ವರ್ಷವೂ ಬರುತ್ತದೆ. ನಿಯಮ ಕೇಳದಿದ್ದರೂ ಮೂರು ತಿಂಗಳಿಗೊಮ್ಮೆ ಕೊಡುವ ಅಂಕಿಅಂಶದ ಹಾಳೆಯಲ್ಲಿ ಅಗ್ರ ಐದು, ಅಗ್ರ ಹತ್ತು ಗ್ರಾಹಕರ ಪಾಲೆಷ್ಟು ಎಂದು ಕಂಪನಿ ತಿಳಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಗ್ರ ಹತ್ತು ಮಂದಿ ಸೇರಿ ಕೊಡುವುದು ಹೆಚ್ಚುಕಡಿಮೆ ಶೇ 20. ಅಂದು ಒಬ್ಬನೇ ಅದಕ್ಕಿಂತ ಹೆಚ್ಚು ಕೊಡುತ್ತಿದ್ದ.

ಅಗ್ರ ಹತ್ತರ ಈ ಅಂಕಿ ಯಾಕೆ ಬೇಕು? ಶೇ 10ರ ಗೆರೆಯಲ್ಲಿ ಒಂದು ಕಿಂಡಿ ಇರುವುದರಿಂದ. ಒಂಬತ್ತು ಗ್ರಾಹಕರು ತಲಾ ಶೇ 9 ಕೊಡುತ್ತಿದ್ದರೆ ಆದಾಯದ ಶೇ 81 ಅಲ್ಲಿಗೇ ಮುಗಿಯಿತು, ಆದರೂ ಟಿಪ್ಪಣಿಯಲ್ಲಿ ‘ಅಂಥ ಗ್ರಾಹಕರಿಲ್ಲ’ ಎಂದು ಬರೆದರೆ ಅದು ನಿಯಮದ ಪ್ರಕಾರ ಸರಿಯೇ. ಆ ಒಂಬತ್ತು ಮಂದಿಯೂ ಒಂದೇ ಉದ್ಯಮದವರಾಗಿದ್ದರೆ, ಒಂದೇ ದೇಶದವರಾಗಿದ್ದರೆ, ಅಪಾಯ ಒಬ್ಬನೇ ದೊಡ್ಡ ಗ್ರಾಹಕ ಇದ್ದಂತೆಯೇ. ಆದ್ದರಿಂದ ಟಿಪ್ಪಣಿಯ ಮೌನವನ್ನು ಅಭಯವೆಂದು ತಿಳಿಯುವಂತಿಲ್ಲ. ಹೋದ ವರ್ಷ ಶೇ 14 ಎಂದು ಇದ್ದದ್ದು ಈ ವರ್ಷ ಮಾಯವಾಗಿದ್ದರೂ ಅಷ್ಟೇ. ಆ ಗ್ರಾಹಕ ಕೊಳ್ಳುವುದನ್ನು ಕಡಿಮೆ ಮಾಡಿದನೋ, ಉಳಿದವರು ಬೆಳೆದು ಅವನ ಪಾಲು ಸಣ್ಣದಾಯಿತೋ ಎಂಬುದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಒಟ್ಟು ಮಾರಾಟ ಎಷ್ಟು ಏರಿದೆ ಎಂದು ಪಕ್ಕದಲ್ಲಿಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಮಾರಾಟ ನಿಂತಲ್ಲೇ ನಿಂತಿದ್ದು ದೊಡ್ಡ ಗ್ರಾಹಕ ಮಾತ್ರ ಕಾಣೆಯಾಗಿದ್ದರೆ, ಆಡಳಿತ ಮಂಡಳಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಹೆಸರಿನ ವಿಷಯಕ್ಕೆ ಬಂದರೆ, ನಿಯಮ ಮುಚ್ಚಿಟ್ಟದ್ದನ್ನು ಬೇರೆ ದಾಖಲೆಗಳು ಬಿಚ್ಚಿಡುವುದುಂಟು. ಬ್ಯಾಂಕ್ ಸಾಲ ಪಡೆದ ಕಂಪನಿಗಳಿಗೆ ಕ್ರಿಸಿಲ್, ಇಕ್ರಾ, ಕೇರ್ ಮುಂತಾದ ಸಂಸ್ಥೆಗಳು ರೇಟಿಂಗ್ ಕೊಡುತ್ತವೆ. ಆ ರೇಟಿಂಗ್‌ಗೆ ಕಾರಣ ವಿವರಿಸುವ ನಾಲ್ಕೈದು ಪುಟದ ಟಿಪ್ಪಣಿ ಅವುಗಳ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದೌರ್ಬಲ್ಯಗಳ ಪಟ್ಟಿಯಲ್ಲಿ ‘ಗ್ರಾಹಕರು ಕೆಲವರೇ’ ಎಂಬುದಿದ್ದರೆ ಪಾಲೆಷ್ಟು ಎಂಬುದೂ, ಎಷ್ಟೋ ಸಲ ಹೆಸರೂ ಅಲ್ಲೇ ಇರುತ್ತದೆ. ಸಾಲ ಕೊಡುವವನ ಕಣ್ಣಿನಿಂದ ಬರೆದದ್ದಾದ್ದರಿಂದ ಅದರಲ್ಲಿ ಬಣ್ಣ ಕಡಿಮೆ. ಹೊಸದಾಗಿ ಷೇರುಪೇಟೆಗೆ ಬರುವ ಕಂಪನಿಯಾದರೆ ಅದರ ಐಪಿಒ ದಾಖಲೆಯ ‘ಅಪಾಯಗಳು’ ಅಧ್ಯಾಯವೇ ಚಿನ್ನದ ಗಣಿ. ಅಗ್ರ ಹತ್ತು ಗ್ರಾಹಕರ, ಅಗ್ರ ಹತ್ತು ಪೂರೈಕೆದಾರರ ಪಾಲನ್ನು ಮೂರು ವರ್ಷದ ಸಾಲಿನಲ್ಲಿ ಅಲ್ಲಿ ಕೊಟ್ಟಿರುವುದು ಈಗ ವಾಡಿಕೆಯಾಗಿದೆ. ಪಟ್ಟಿಯಾದ ಮೇಲೆ ಅದೇ ಕಂಪನಿ ವಾರ್ಷಿಕ ವರದಿಯಲ್ಲಿ ಅಷ್ಟು ಬಾಯಿ ಬಿಡುವುದಿಲ್ಲ.

ಹೆಸರು ಸಿಕ್ಕಿದರೂ ಅವನೇ ನಿಜವಾದ ಗ್ರಾಹಕ ಎನ್ನಲಾಗದು. ಎನ್‌ವಿಡಿಯಾ ಕಂಪನಿ 2025ರ ಜನವರಿಗೆ ಮುಗಿದ ವರ್ಷದಲ್ಲಿ ಮೂವರು ನೇರ ಗ್ರಾಹಕರಿಂದ ಕ್ರಮವಾಗಿ ಶೇ 12, 11 ಮತ್ತು 11ರಷ್ಟು ಆದಾಯ ಬಂದಿದೆ ಎಂದು ‘ಗ್ರಾಹಕ ಎ’, ‘ಬಿ’, ‘ಸಿ’ ಎಂಬ ಗುರುತಿನಲ್ಲಿ ತಿಳಿಸಿತು. ಜನ ಇವರನ್ನು ಮೈಕ್ರೊಸಾಫ್ಟ್, ಮೆಟಾ ಇರಬೇಕು ಎಂದು ಊಹಿಸಿಬಿಡುತ್ತಾರೆ. ಆದರೆ ಎನ್‌ವಿಡಿಯಾದ ‘ನೇರ ಗ್ರಾಹಕರು’ ಎಂದರೆ ಹೆಚ್ಚಾಗಿ ಚಿಪ್ ಕೊಂಡು ಸರ್ವರ್ ಜೋಡಿಸಿಕೊಡುವವರು, ವಿತರಕರು. ಆ ಸರ್ವರ್‌ಗಳನ್ನು ಕೊಳ್ಳುವ ಕ್ಲೌಡ್ ಕಂಪನಿಗಳು ಅದರ ಲೆಕ್ಕದಲ್ಲಿ ‘ಪರೋಕ್ಷ ಗ್ರಾಹಕರು’. ಜೋಡಿಸುವವನೊಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಕ್ಲೌಡ್ ಕಂಪನಿಯೊಂದು ಖರ್ಚು ನಿಲ್ಲಿಸಿದರೆ ಮಾತ್ರ ನಾಲ್ಕು ಜನ ಜೋಡಿಸುವವರ ಖರೀದಿಯೂ ಒಟ್ಟಿಗೇ ಬೀಳುತ್ತದೆ. ಟಿಪ್ಪಣಿಯಲ್ಲಿರುವುದು ಬಿಲ್ಲು ಯಾರ ಹೆಸರಿಗೆ ಹರಿಯಿತೆಂಬುದು. ಮಾಲು ಕೊನೆಗೆ ಯಾರಿಗೆ ಬೇಕಿತ್ತೆಂಬುದನ್ನು ಓದುಗನೇ ಹುಡುಕಬೇಕು.

ಇಂಡಸ್ ಟವರ್ಸ್‌ಗೆ ಮರಳಿದರೆ, ಅಲ್ಲಿ ಗ್ರಾಹಕ ಓಡಿಹೋಗಿರಲಿಲ್ಲ. ಆದಾಯದ ಅಂಕಣದಲ್ಲಿ ಅವನ ಪಾಲು ಎಂದಿನಂತೆ ಬೀಳುತ್ತಲೇ ಇತ್ತು. ಲೆಕ್ಕಪತ್ರದ ರೂಢಿಯಂತೆ ಬಾಡಿಗೆಯ ಬಿಲ್ಲು ಹರಿದ ದಿನವೇ ಅದು ಆದಾಯ, ಹಣ ಬರುವುದು ಬೇರೆ ಮಾತು. ಇಂಥಲ್ಲಿ ಶೇ 10ರ ಟಿಪ್ಪಣಿಯೊಂದನ್ನೇ ಓದಿದವನಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ರೋಗ ಇದ್ದದ್ದು ಇನ್ನೊಂದು ಟಿಪ್ಪಣಿಯಲ್ಲಿ, ಬರಬೇಕಾದ ಬಾಕಿಯಲ್ಲಿ. ಆರ್ಥಿಕ ಅಪಾಯಗಳ ಬಗ್ಗೆ ಬರೆಯುವ ಜಾಗದಲ್ಲಿ, ಸಾಲ ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಅದನ್ನು ತಿಳಿಸಬೇಕೆಂದು ‘ಇಂಡ್ ಎಎಸ್ 107’ ಕೇಳುತ್ತದೆ.

ಮತ್ತೆ ಪೀಣ್ಯದ ಕಾರ್ಖಾನೆ. ₹500 ಕೋಟಿ ಮಾರಾಟಕ್ಕೆ ವರ್ಷಾಂತ್ಯದಲ್ಲಿ ಬರಬೇಕಾದ ಬಾಕಿ ₹110 ಕೋಟಿ ಇದೆ ಎನ್ನೋಣ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಸರಾಸರಿ 80 ದಿನ. ಕೆಟ್ಟದ್ದೇನಲ್ಲ ಎನಿಸುತ್ತದೆ. ಆದರೆ ಆ ₹110 ಕೋಟಿಯಲ್ಲಿ ₹75 ಕೋಟಿ ಆ ದೊಡ್ಡ ಗ್ರಾಹಕನೊಬ್ಬನದೇ ಆಗಿದ್ದರೆ? ಅವನಿಗೆ ಮಾರಿದ್ದು ₹150 ಕೋಟಿ, ಅಂದರೆ ಅವನು ಅರ್ಧ ವರ್ಷದ ಹಣ ಹಿಡಿದುಕೊಂಡಿದ್ದಾನೆ. ಉಳಿದವರೆಲ್ಲ ₹350 ಕೋಟಿಗೆ ₹35 ಕೋಟಿ ಬಾಕಿ ಇಟ್ಟುಕೊಂಡು ಮೂವತ್ತಾರು ಮೂವತ್ತೇಳು ದಿನದಲ್ಲಿ ಚುಕ್ತಾ ಮಾಡುತ್ತಿದ್ದಾರೆ. ಆದಾಯದಲ್ಲಿ ಶೇ 30 ಇರುವವನು ಬಾಕಿಯಲ್ಲಿ ಶೇ 68 ಇದ್ದಾನೆ. ಈ ಎರಡು ಅಂಕಿಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದ್ದರೆ ಗ್ರಾಹಕ ಕಷ್ಟದಲ್ಲಿದ್ದಾನೆ, ಇಲ್ಲವೇ ಕಂಪನಿಗೆ ಅವನನ್ನು ಗದರಿಸುವ ಧೈರ್ಯವಿಲ್ಲ.

ಇಂಡಸ್‌ಗೆ ಗದರಿಸುವುದು ಸುಲಭವಿರಲಿಲ್ಲ. ಟವರ್ ನಿಲ್ಲಿಸುವ ಖರ್ಚು ಮೊದಲ ಬಾಡಿಗೆದಾರ ಬಂದರೂ ಅಷ್ಟೇ, ಇಬ್ಬರು ಬಂದರೂ ಹೆಚ್ಚುಕಡಿಮೆ ಅಷ್ಟೇ. ಅದೇ ಕಂಬಕ್ಕೆ ಎರಡನೆಯವನ ಆಂಟೆನಾ ಬಿದ್ದಾಗ ಬರುವ ಬಾಡಿಗೆಯೇ ನಿಜವಾದ ಲಾಭ. ವೊಡಾಫೋನ್ ಐಡಿಯಾದ ವಿದ್ಯುತ್ ಕಿತ್ತು ಟವರ್ ಬಂದ್ ಮಾಡಿದರೆ ಹಳೆ ಬಾಕಿಯೂ ಮುಳುಗುತ್ತದೆ, ಮುಂದಿನ ಬಾಡಿಗೆಯೂ ನಿಲ್ಲುತ್ತದೆ. ಹಾಗಾಗಿ ಸೇವೆಯನ್ನೂ ಕೊಡುತ್ತ, ಬಿಲ್ಲನ್ನೂ ಹರಿಯುತ್ತ, ಬಾರದ ಹಣಕ್ಕೆ ಲಾಭದಿಂದ ತೆಗೆದು ಮೀಸಲು ಇಡುತ್ತ ಹೋಗಬೇಕಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. 2022ರ ಜುಲೈನಿಂದ ಡಿಸೆಂಬರ್‌ವರೆಗಿನ ಎರಡೇ ತ್ರೈಮಾಸಿಕಗಳಲ್ಲಿ ಹೀಗೆ ಮೀಸಲಿಟ್ಟ ಮೊತ್ತ ಸುಮಾರು ₹4,000 ಕೋಟಿ.

ಕಥೆ ಅಲ್ಲಿಗೇ ನಿಂತಿದ್ದರೆ ಇದೊಂದು ಎಚ್ಚರಿಕೆಯ ಪಾಠವಾಗಿ ಮುಗಿಯುತ್ತಿತ್ತು. 2024ರಲ್ಲಿ ವೊಡಾಫೋನ್ ಐಡಿಯಾ ಷೇರು ಮಾರಿ ₹18,000 ಕೋಟಿ ಎತ್ತಿತು, ಅದರ ಬ್ರಿಟಿಷ್ ಪ್ರವರ್ತಕ ವೊಡಾಫೋನ್ ಸಮೂಹ ಇಂಡಸ್‌ನಲ್ಲಿದ್ದ ತನ್ನ ಪಾಲನ್ನೂ ಮಾರಿತು. ಹಳೆ ಬಾಕಿ ಬರತೊಡಗಿತು. 2024ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಇಂಡಸ್ ಹಿಂದೆ ಮೀಸಲಿಟ್ಟಿದ್ದರಲ್ಲಿ ₹3,000 ಕೋಟಿಗೂ ಹೆಚ್ಚನ್ನು ವಾಪಸು ಲಾಭಕ್ಕೆ ಸೇರಿಸಿಕೊಂಡು ಸುಮಾರು ₹4,000 ಕೋಟಿ ಲಾಭ ತೋರಿಸಿತು. ಎರಡು ವರ್ಷದ ಹಿಂದಿನ ನಷ್ಟವನ್ನೂ ಈ ಲಾಭವನ್ನೂ ಬರೆಸಿದ್ದು ಅದೇ ಒಬ್ಬ ಗ್ರಾಹಕ. ಆ ತ್ರೈಮಾಸಿಕದ ಲಾಭ ನೋಡಿ ಟವರ್ ವ್ಯವಹಾರ ಏಕಾಏಕಿ ಚಿಗುರಿತು ಎಂದುಕೊಂಡವರು, ಹಿಂದಿನ ನಷ್ಟ ನೋಡಿ ಟವರ್‌ಗೆ ಕಾಲವಿಲ್ಲ ಎಂದುಕೊಂಡವರಷ್ಟೇ ದಾರಿ ತಪ್ಪಿದ್ದರು.

ಇನ್ನು ಪೂರೈಕೆದಾರರು. ಇಲ್ಲಿ ನಿಯಮ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿದೆ. ಗ್ರಾಹಕರಿಗೆ ಇರುವಂಥ ಶೇ 10ರ ಗೆರೆ ಪೂರೈಕೆದಾರರ ವಿಷಯದಲ್ಲಿ ಇಂಡ್ ಎಎಸ್ 108ರಲ್ಲಿ ಇಲ್ಲ. 2023ರಲ್ಲಿ ಸೆಬಿ ದೊಡ್ಡ ಕಂಪನಿಗಳ ಹೊಣೆಗಾರಿಕೆ ವರದಿಗೆ ಹೊಸ ಪಟ್ಟಿಯೊಂದನ್ನು ಸೇರಿಸಿತು. ಅದರಲ್ಲಿ ಖರೀದಿಯ ಎಷ್ಟು ಭಾಗ ವ್ಯಾಪಾರಿ ಮಳಿಗೆಗಳ ಮೂಲಕ ಬಂತು, ಅವುಗಳಲ್ಲಿ ಅಗ್ರ ಹತ್ತರ ಪಾಲೆಷ್ಟು, ಮಾರಾಟದ ಎಷ್ಟು ಭಾಗ ಡೀಲರ್‌ಗಳ ಮೂಲಕ ಹೋಯಿತು ಎಂದು ಕೇಳಲಾಗುತ್ತದೆ. ಉಪಯೋಗದ ಪಟ್ಟಿಯೇ. ಆದರೆ ಅದು ಕೇಳುವುದು ನಡುವಿನ ವ್ಯಾಪಾರಿಗಳ ಬಗ್ಗೆ. ನೇರವಾಗಿ ತಯಾರಕನಿಂದಲೇ ಕೊಳ್ಳುವ ಕಂಪನಿ ಅಲ್ಲಿ ಸೊನ್ನೆ ಬರೆಯಬಹುದು, ಆ ತಯಾರಕ ಜಗತ್ತಿನಲ್ಲಿ ಒಬ್ಬನೇ ಇದ್ದರೂ.

ಒಬ್ಬನೇ ತಯಾರಕ ಎಂದರೆ ಏನೆಂಬುದಕ್ಕೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇದರ ಗ್ರಾಹಕ ಯಾರೆಂದು ಕೇಳಬೇಕಾಗಿಯೇ ಇಲ್ಲ, ಮಾರಾಟದ ಬಹುಪಾಲು ನಮ್ಮ ಸೇನಾಪಡೆಗಳಿಗೇ. ಕಂಪನಿಯ ಶೇ 70ಕ್ಕೂ ಹೆಚ್ಚು ಷೇರು ಸರ್ಕಾರದ್ದೇ. ಸ್ವಾರಸ್ಯವೆಂದರೆ, ರಕ್ಷಣಾ ಉತ್ಪಾದನೆಯ ಕಂಪನಿಗಳಿಗೆ ವಿಭಾಗವಾರು ವರದಿಯಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2018ರಲ್ಲಿ ವಿನಾಯಿತಿ ಕೊಟ್ಟಿದೆ. ಹಾಗಾಗಿ ಎಚ್‌ಎಎಲ್ ವರದಿಯಲ್ಲಿ ಶೇ 10ರ ಟಿಪ್ಪಣಿ ಹುಡುಕುವುದು ವ್ಯರ್ಥ. ಹುಡುಕಬೇಕಾದದ್ದು ಎಂಜಿನ್ನನ್ನು.

2021ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್ ಮಾರ್ಕ್–1ಎ ವಿಮಾನಗಳಿಗೆ ಸುಮಾರು ₹48,000 ಕೋಟಿಯ ಒಪ್ಪಂದವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಎಚ್‌ಎಎಲ್ 99 ಎಫ್–404 ಎಂಜಿನ್‌ಗಳಿಗೆ ₹5,375 ಕೋಟಿಯ ಆದೇಶ ಕೊಟ್ಟಿತು. ಮಾರುವವರು ಜನರಲ್ ಎಲೆಕ್ಟ್ರಿಕ್. ಬೆಂಗಳೂರಿನ ಒಂದು ಕಂಪನಿಗೆ ಅತಿ ದೊಡ್ಡ ಗ್ರಾಹಕನಾಗಿದ್ದವರೇ ಕಾಲು ಶತಮಾನದ ಮೇಲೆ ಅದೇ ಊರಿನ ಇನ್ನೊಂದಕ್ಕೆ ಏಕೈಕ ಪೂರೈಕೆದಾರರಾದರು. ಮೊದಲ ವಿಮಾನ ವಾಯುಪಡೆಗೆ ಸೇರಬೇಕಿದ್ದ ಗಡುವು 2024ರ ಮಾರ್ಚ್ 31. ಈ ಆದೇಶದ ಮೊದಲ ಎಂಜಿನ್ನನ್ನು ಕಂಪನಿ ಹಸ್ತಾಂತರಿಸಿದ್ದೇ 2025ರ ಮಾರ್ಚ್ ಕೊನೆಯ ವಾರ. ತೇಜಸ್‌ಗೆ ಮೊದಲು 65 ಎಂಜಿನ್ ಕೊಟ್ಟು ಮುಗಿಸಿದ ಮೇಲೆ ಹೊಸ ಆದೇಶವಿಲ್ಲದೆ ಆ ಉತ್ಪಾದನಾ ಸಾಲನ್ನೇ ಮುಚ್ಚಿದ್ದೆವು, ಐದು ವರ್ಷ ನಿಂತಿದ್ದನ್ನು, ಅದಕ್ಕೆ ಬಿಡಿಭಾಗ ಕೊಡುತ್ತಿದ್ದವರನ್ನೂ ಸೇರಿಸಿ, ಮತ್ತೆ ಎಬ್ಬಿಸಬೇಕಾಯಿತು ಎಂಬುದು ಅವರ ವಿವರಣೆ. ವಿಮಾನದ ಒಡಲು ಸಿದ್ಧವಿದ್ದರೂ ಎಂಜಿನ್ ಇಲ್ಲ. ಅದರ ಸಿಟ್ಟು ಸಾರ್ವಜನಿಕವಾಗಿ ಬಿದ್ದದ್ದು ಎಚ್‌ಎಎಲ್ ಮೇಲೆಯೇ.

ಇಲ್ಲಿ ಒಂದು ಭಾಗಾಕಾರ ಮಾಡಿ ನೋಡಬೇಕು. ₹48,000 ಕೋಟಿಯ ಒಪ್ಪಂದದ ಮುಂದೆ ₹5,375 ಕೋಟಿಯ ಎಂಜಿನ್ ಆದೇಶ ಸುಮಾರು ಶೇ 11. ಪೂರೈಕೆದಾರರ ಪಾಲಿನ ಪಟ್ಟಿಯಲ್ಲಿ ಶೇ 11 ಎಂದು ಕಂಡರೆ ಯಾರೂ ಬೆಚ್ಚುವುದಿಲ್ಲ. ಆದರೆ ನಿಂತದ್ದು ಶೇ 11ರ ಕೆಲಸವಲ್ಲ, ವಿಮಾನ ಒಪ್ಪಿಸುವ ಇಡೀ ಕೆಲಸ. ಗ್ರಾಹಕನ ಪಾಲು ಎಷ್ಟೋ ಅವಲಂಬನೆ ಸುಮಾರಾಗಿ ಅಷ್ಟು ಎನ್ನಬಹುದು. ಪೂರೈಕೆದಾರನ ವಿಷಯದಲ್ಲಿ ಹಣದ ಅಳತೆ ಕೆಲಸಕ್ಕೆ ಬಾರದು. ಅವನ ಬದಲು ಇನ್ನೊಬ್ಬನನ್ನು ತರಲು ಎಷ್ಟು ತಿಂಗಳು ಬೇಕು ಎಂಬುದೇ ಅಳತೆ. ತೇಜಸ್ ಮಾರ್ಕ್–1ಎಯನ್ನು ಆ ಎಂಜಿನ್ನಿನ ಅಳತೆಗೇ ರೂಪಿಸಿ, ಪರೀಕ್ಷಿಸಿ, ಪ್ರಮಾಣೀಕರಿಸಿರುವಾಗ ಬೇರೆ ಎಂಜಿನ್ ತರುವುದೆಂದರೆ ವಿಮಾನವನ್ನೇ ಬಹುಪಾಲು ಮತ್ತೆ ವಿನ್ಯಾಸ ಮಾಡಿದಂತೆ, ವರ್ಷಗಟ್ಟಲೆಯ ಕೆಲಸ. 2025ರಲ್ಲಿ ಇನ್ನೂ 97 ವಿಮಾನಗಳ ಆದೇಶ ಬಂದಾಗ ಎಚ್‌ಎಎಲ್ ಮತ್ತೆ ಅದೇ ಬಾಗಿಲಿಗೆ ಹೋಗಿ ಅದೇ ಎಂಜಿನ್ನಿನ 113 ಘಟಕಗಳಿಗೆ ಒಪ್ಪಂದ ಮಾಡಿಕೊಂಡಿತು. ಬೇರೆ ಬಾಗಿಲಿರಲಿಲ್ಲ.

ಹಾಗಾಗಿ ಪೂರೈಕೆದಾರರನ್ನು ಹುಡುಕುವವರು ಶೇಕಡಾವಾರನ್ನು ಪಕ್ಕಕ್ಕಿಟ್ಟು ಕೆಲವು ಮಾತುಗಳನ್ನು ಹಿಡಿಯಬೇಕಾಗುತ್ತದೆ. ‘ಒಂದೇ ಮೂಲ’, ‘ಪರವಾನಗಿ’, ‘ಪ್ರಮಾಣೀಕೃತ ಪೂರೈಕೆದಾರ’, ‘ದೀರ್ಘಾವಧಿ ಒಪ್ಪಂದ’ ಎಂಬಂಥ ಪದಗಳು ಅಪಾಯಗಳ ಅಧ್ಯಾಯದಲ್ಲೋ ಆಡಳಿತ ಮಂಡಳಿಯ ವಿಶ್ಲೇಷಣೆಯಲ್ಲೋ ಸುಳಿದರೆ ಅಲ್ಲಿ ನಿಂತು ಓದಬೇಕು. ಆಮದು ಎಷ್ಟು, ಒಳನಾಡಿನ ಖರೀದಿ ಎಷ್ಟು ಎಂಬುದು ಹೊಣೆಗಾರಿಕೆ ವರದಿಯಲ್ಲಿ ಸಿಗುತ್ತದೆ. ದಾಸ್ತಾನಿನ ಟಿಪ್ಪಣಿಯಲ್ಲಿ ಅರೆಸಿದ್ಧ ಮಾಲು ಏರುತ್ತಲೇ ಇದ್ದು ಸಿದ್ಧ ಮಾಲು ಹೊರಗೆ ಹೋಗದಿದ್ದರೆ, ಯಾವುದೋ ಒಂದು ಭಾಗಕ್ಕಾಗಿ ಇಡೀ ಸಾಲು ಕಾಯುತ್ತಿರುವ ಸಾಧ್ಯತೆ ಇದೆ.

ಪಟ್ಟಿಯಾದ ಪ್ರತಿ ಕಂಪನಿಯ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಹಣ ಕೊಡದೆ ಸಿಗುತ್ತದೆ. ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ ಪಿಡಿಎಫ್ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ `major customer`, `single customer`, `10%`, `concentration`, `sole source` ಎಂದು ಒಂದೊಂದಾಗಿ ಟೈಪ್ ಮಾಡಿದರೆ ಸಾಕು. ಈ ವರ್ಷದ ವರದಿಯ ಜೊತೆಗೆ ಮೂರು ವರ್ಷದ ಹಿಂದಿನದನ್ನೂ ತೆರೆದಿಟ್ಟುಕೊಳ್ಳಿ. ದೊಡ್ಡ ಗ್ರಾಹಕ ಬಂದನೇ, ಹೋದನೇ, ಬಾಕಿ ಉಳಿಸಿಕೊಂಡನೇ ಎಂಬುದು ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಕಾಣುತ್ತದೆ. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿಗಳ ಹೊಸ ವರದಿಗಳು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುತ್ತವೆ. ವಾರ್ಷಿಕ ಸಾಮಾನ್ಯ ಸಭೆಯೂ ಆ ಹೊತ್ತಿಗೇ ನಡೆಯುತ್ತದೆ, ಒಂದೇ ಷೇರು ಇರುವವರಿಗೂ ಅಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ.